ಟ್ಯೂಬ್‌ಲೈಟ್, ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ಅಸಲು ಎಷ್ಟು ತಿಂಗಳಲ್ಲಿ ಹುಟ್ಟುತ್ತದೆ? ನಮ್ಮ ಮನೆ ಲೆಕ್ಕ ಹಾಕಿಕೊಡಿ

ಕೆರೆದಂಡೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪ ಕಟ್ಟಿಸಿದ ಹಳೇ ಮನೆ. ಲೈಟುಗಳೂ ಆಗಿನವೇ. ಹಾಲ್, ಅಡುಗೆಮನೆ, ಮಕ್ಕಳು ಓದುವ ರೂಮು, ನಾವು ಮಲಗುವ ರೂಮು, ನಾಲ್ಕರಲ್ಲೂ ಚೋಕು ಸ್ಟಾರ್ಟರ್ ಇರುವ ಉದ್ದ ಟ್ಯೂಬ್‌ಲೈಟ್. ಬಚ್ಚಲಿಗೆ, ಸಾಮಾನು ಕೋಣೆಗೆ, ಗೇಟಿಗೆ 60 ವ್ಯಾಟ್ ಹಳದಿ ಬಲ್ಬು. ದೇವರ ಮನೆಯಲ್ಲಿ ಒಂದು ಜೀರೋ ಬಲ್ಬು. ಹೋದ ತಿಂಗಳು 232 ಯೂನಿಟ್ ಆಗಿದೆ, ಬಿಲ್ಲು 1,985 ರೂಪಾಯಿ ಬಂದಿದೆ.

ಅಂಗಡಿಯಲ್ಲಿ ಕೇಳಿದೆ. 20 ವ್ಯಾಟ್ ಎಲ್‌ಇಡಿ ಪಟ್ಟಿ 250, 9 ವ್ಯಾಟ್ ಬಲ್ಬು 80 ಅಂದರು. ಎಲೆಕ್ಟ್ರಿಷಿಯನ್ ಒಂದು ಪಟ್ಟಿ ಬದಲಿಸಲು 100 ಕೇಳುತ್ತಾನೆ. ಎಲ್ಲಾ ಒಟ್ಟಿಗೆ ಹಾಕಿಸಿದರೆ ಒಂದೂವರೆ ಸಾವಿರದ ಮೇಲೆ ಹೋಗುತ್ತದೆ. ಅಂಗಡಿಯವರು "ಮೂರೇ ತಿಂಗಳಲ್ಲಿ ದುಡ್ಡು ವಾಪಸ್" ಅನ್ನುತ್ತಾರೆ. ನಮ್ಮ ಭಾವ "ಐದು ವರ್ಷ ಬೇಕು, ಸುಮ್ನೆ ಯಾಕೆ" ಅನ್ನುತ್ತಾರೆ. ಯಾರ ಮಾತು ನಿಜ?

ಬಾಡಿಗೆ_ಹುಡುಗ
ಹಾಕಿಸಿ ಅಣ್ಣ, ಇದಕ್ಕೆಲ್ಲ ಲೆಕ್ಕ ಯಾಕೆ. ಟ್ಯೂಬ್‌ಲೈಟ್ ಈಗ ಯಾರು ಇಟ್ಟುಕೊಂಡಿದ್ದಾರೆ.

ಲೆಕ್ಕದ_ಮೇಷ್ಟ್ರು
ಲೆಕ್ಕ ಬೇಕು, ಯಾಕೆ ಬೇಡ. 1,985ನ್ನು 232ರಿಂದ ಭಾಗಿಸಿ. ಯೂನಿಟ್‌ಗೆ ಸುಮಾರು 8 ರೂಪಾಯಿ 55 ಪೈಸೆ ಬೀಳುತ್ತದೆ. ಟ್ಯೂಬ್ 40 ವ್ಯಾಟ್, ಎಲ್‌ಇಡಿ 20 ವ್ಯಾಟ್, ಉಳಿಯುವುದು 20 ವ್ಯಾಟ್. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ 3 ಯೂನಿಟ್, ಅಂದರೆ ಸುಮಾರು 26 ರೂಪಾಯಿ. 250 ರೂಪಾಯಿ ಪಟ್ಟಿಗೆ ಹತ್ತು ತಿಂಗಳು. ನಿಮ್ಮ ಭಾವನದೂ ತಪ್ಪು, ಅಂಗಡಿಯವರದೂ ತಪ್ಪು.

ವೈರ್‌ಮನ್_ಹಾಸನ
ಮೇಷ್ಟ್ರೇ, ನಿಮ್ಮ ದಾರಿ ಸರಿ ಇದೆ, ಆದರೆ ಎರಡು ಕಡೆ ಜಾರಿದ್ದೀರಿ. ಎರಡು ತಪ್ಪೂ ಎದುರುಬದುರು ದಿಕ್ಕಿನವು, ಅದಕ್ಕೇ ಉತ್ತರ ಹತ್ತಿರ ಹತ್ತಿರ ಬಂತು.

ಮೊದಲನೆಯದು ದರ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಬಾರದು. ಅದರೊಳಗೆ ನಿಗದಿತ ಶುಲ್ಕ ಇದೆ. ಕಿಲೋವ್ಯಾಟ್‌ಗೆ 145 ರೂಪಾಯಿ, ಇದು 2025-26ರ ದರ. ಇವರ ಮೊತ್ತ ನೋಡಿದರೆ ಮಂಜೂರಾದ ಲೋಡು 3 ಕಿಲೋವ್ಯಾಟ್ ಇರಬೇಕು, ಅಂದರೆ 435 ರೂಪಾಯಿ. ನೀವು ಮನೆಗೆ ಬೀಗ ಹಾಕಿಕೊಂಡು ಹೋದರೂ ಅದು ಬರುತ್ತದೆ. ಎಲ್‌ಇಡಿ ಹಾಕಿದರೆ ಅದು ಒಂದು ಪೈಸೆ ಇಳಿಯುವುದಿಲ್ಲ. ಅದನ್ನು ಕಳೆದು ಭಾಗಿಸಿ. 1,550 ಭಾಗಿಸು 232, ಸುಮಾರು 6 ರೂಪಾಯಿ 70 ಪೈಸೆ. ಅದೇ ವರ್ಷದ ಯೂನಿಟ್ ದರ 5.80, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆ, ಶೇ 9 ತೆರಿಗೆ, ಎಲ್ಲ ಸೇರಿ ಅಷ್ಟೇ. ಒಂದು ಯೂನಿಟ್ ಉಳಿಸಿದರೆ ಉಳಿಯುವ ದುಡ್ಡು ಇದು.

ಎರಡನೆಯದು ಚೋಕು. ಟ್ಯೂಬಿನ ಮೇಲೆ 40 ಅಥವಾ 36 ಅಂತ ಬರೆದಿರುತ್ತದೆ, ಅದು ಟ್ಯೂಬಿನ ಲೆಕ್ಕ ಮಾತ್ರ. ಪಟ್ಟಿಯೊಳಗೆ ಕೂತಿರುವ ಆ ಭಾರದ ಕಬ್ಬಿಣದ ಚೋಕು ತಾನೂ 10-12 ವ್ಯಾಟ್ ತಿನ್ನುತ್ತದೆ. ಎರಡು ಗಂಟೆ ಉರಿದ ಮೇಲೆ ಪಟ್ಟಿಯ ಹೊರಗಡೆ ಚೋಕು ಇರುವ ಜಾಗಕ್ಕೆ ಕೈ ಇಟ್ಟು ನೋಡಿ, ಬಿಸಿ ಇರುತ್ತದೆ. ಆ ಬಿಸಿಗೂ ನೀವು ದುಡ್ಡು ಕಟ್ಟುತ್ತಿದ್ದೀರಿ. ಹಾಗಾಗಿ ಹಳೇ ಟ್ಯೂಬ್ ಅಂದರೆ 50 ವ್ಯಾಟ್ ಅಂತ ಹಿಡಿಯಿರಿ. ಉಳಿತಾಯ 20 ಅಲ್ಲ, 30 ವ್ಯಾಟ್.

ದಾವಣಗೆರೆಯವರೇ, ಯಾವ ಲೈಟು ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಹೇಳಿ. ಅದಿಲ್ಲದೆ ಯಾರು ಹೇಳಿದರೂ ಬರೀ ಅಂದಾಜು.

ಕೆರೆದಂಡೆ_ದಾವಣಗೆರೆ
ಹೌದು ಅಣ್ಣ, ಬಿಲ್ಲಿನಲ್ಲಿ 3 ಕಿಲೋವ್ಯಾಟ್ ಅಂತಲೇ ಇದೆ. ಮನೆಯವಳನ್ನು ಕೇಳಿ ಬರೆದಿದ್ದೇನೆ. ಹಾಲ್ 5 ಗಂಟೆ, ಅಡುಗೆಮನೆ ಬೆಳಿಗ್ಗೆ ಸಂಜೆ ಸೇರಿ 5, ಓದುವ ರೂಮು 4, ಮಲಗುವ ರೂಮು 2. ಬಚ್ಚಲು ಒಂದು ಗಂಟೆ. ಸಾಮಾನು ಕೋಣೆ ಹತ್ತು ನಿಮಿಷವೂ ಇಲ್ಲ. ಗೇಟಿನ ಬಲ್ಬು ಸಂಜೆ ಏಳಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೇ ಆರಿಸುವುದು, ಬೀದಿಯಲ್ಲಿ ನಾಯಿ ಜಾಸ್ತಿ, ಕತ್ತಲು ಬೇಡ ಅಂತ ಅಮ್ಮ ಬಿಡುವುದಿಲ್ಲ. ದೇವರ ಮನೆ ಜೀರೋ ಬಲ್ಬು ಹಗಲೂ ರಾತ್ರಿ ಉರಿಯುತ್ತದೆ. ಅದು ಜೀರೋ ಅಲ್ವಾ, ಲೆಕ್ಕಕ್ಕೆ ಬರುವುದಿಲ್ಲ ಅಂದುಕೊಂಡಿದ್ದೇನೆ.

ವೈರ್‌ಮನ್_ಹಾಸನ
ಬರುತ್ತದೆ! ನಿಮ್ಮ ಮನೆಯ ಎರಡು ದೊಡ್ಡ ಸೋರಿಕೆ ಗೇಟು ಮತ್ತು ದೇವರ ಮನೆಯೇ.

ಜೀರೋ ಬಲ್ಬು ಅನ್ನುವುದು ಬರೀ ಹೆಸರು. ತಂತಿ ಇರುವ ಆ ಸಣ್ಣ ಬಲ್ಬು 12ರಿಂದ 15 ವ್ಯಾಟ್ ಎಳೆಯುತ್ತದೆ. ಹಿಂದೆ ಚಕ್ರ ತಿರುಗುವ ಮೀಟರ್ ಇತ್ತಲ್ಲ, ಅಷ್ಟು ಸಣ್ಣ ಲೋಡಿಗೆ ಚಕ್ರ ಸರಿಯಾಗಿ ಅಲ್ಲಾಡುತ್ತಿರಲಿಲ್ಲ, ಅದಕ್ಕೆ ಜನ ಜೀರೋ ಅಂದರು. ಈಗಿನ ಡಿಜಿಟಲ್ ಮೀಟರ್ ಅದನ್ನೂ ಬಿಡುವುದಿಲ್ಲ. 15 ವ್ಯಾಟ್ 24 ಗಂಟೆ 30 ದಿನ ಅಂದರೆ ತಿಂಗಳಿಗೆ 10.8 ಯೂನಿಟ್. ನಿಮ್ಮ ಹಾಲಿನ ಟ್ಯೂಬ್ ತಿಂಗಳಿಗೆ 7.5 ಯೂನಿಟ್ ತಿನ್ನುತ್ತದೆ, ಜೀರೋ ಬಲ್ಬು ಅದಕ್ಕಿಂತ ಜಾಸ್ತಿ! ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿ ಬಲ್ಬು 25 ರೂಪಾಯಿಗೆ ಸಿಗುತ್ತದೆ. ತಿಂಗಳಿಗೆ 70 ರೂಪಾಯಿ ಉಳಿಯುತ್ತದೆ. ಅಸಲು ಹನ್ನೊಂದು ದಿನಕ್ಕೆ ಹುಟ್ಟಿತು.

ಗೇಟಿನದು 60 ಹೋಗಿ 9 ಆದರೆ 51 ವ್ಯಾಟ್ ಉಳಿತಾಯ. ದಿನಕ್ಕೆ 11 ಗಂಟೆ. ತಿಂಗಳಿಗೆ 16.8 ಯೂನಿಟ್, 113 ರೂಪಾಯಿ. 80 ರೂಪಾಯಿ ಬಲ್ಬು ಮೂರು ವಾರದಲ್ಲಿ ಹುಟ್ಟುತ್ತದೆ.

ಈಗ ಟ್ಯೂಬಿಗೆ ಬನ್ನಿ. ಹಾಲ್ ಮತ್ತು ಅಡುಗೆಮನೆ, ಒಂದೊಂದಕ್ಕೆ 4.5 ಯೂನಿಟ್, 30 ರೂಪಾಯಿ ಉಳಿಯುತ್ತದೆ. ಕೂಲಿ ಸೇರಿ 350 ಖರ್ಚು, ಒಂದು ವರ್ಷ ಬೇಕು. ಓದುವ ರೂಮು 3.6 ಯೂನಿಟ್, 24 ರೂಪಾಯಿ, ಹದಿನಾಲ್ಕೂವರೆ ತಿಂಗಳು. ಮಲಗುವ ರೂಮು 1.8 ಯೂನಿಟ್, 12 ರೂಪಾಯಿ, ಇಪ್ಪತ್ತೊಂಬತ್ತು ತಿಂಗಳು. ಬಚ್ಚಲಿನ ಬಲ್ಬು ತಿಂಗಳಿಗೆ 10 ರೂಪಾಯಿ, ಎಂಟು ತಿಂಗಳು. ಸಾಮಾನು ಕೋಣೆಯದು ತಿಂಗಳಿಗೆ 1 ರೂಪಾಯಿ 70 ಪೈಸೆ, ನಾಲ್ಕು ವರ್ಷ ಕಾಯಬೇಕು.

ಎಲ್ಲಾ ಕೂಡಿಸಿದರೆ 43 ಯೂನಿಟ್ ಚಿಲ್ಲರೆ, 291 ರೂಪಾಯಿ. ಖರ್ಚು ಸಾಮಾನಿಗೆ 1,265, ಕೂಲಿ 400, ಒಟ್ಟು 1,665. ಐದೂಮುಕ್ಕಾಲು ತಿಂಗಳು ಬಂತು. ಆದರೆ ಈ ಸರಾಸರಿ ನೋಡಿ ಮೋಸ ಹೋಗಬೇಡಿ. 105 ರೂಪಾಯಿಯ ಎರಡು ಬಲ್ಬು 27 ಯೂನಿಟ್ ಉಳಿಸುತ್ತವೆ. 1,400 ರೂಪಾಯಿಯ ನಾಲ್ಕು ಪಟ್ಟಿ 14.4 ಯೂನಿಟ್ ಉಳಿಸುತ್ತವೆ. ಅಂಗಡಿಯವರು ಗೇಟಿನ ಬಲ್ಬು ನೆನೆದು ಮಾತಾಡಿದ್ದಾರೆ, ನಿಮ್ಮ ಭಾವ ಸಾಮಾನು ಕೋಣೆ ನೆನೆದು ಮಾತಾಡಿದ್ದಾರೆ.

ಲೆಕ್ಕದ_ಮೇಷ್ಟ್ರು
ನಿಗದಿತ ಶುಲ್ಕದ ಮಾತು ಒಪ್ಪಿದೆ, ಅದು ನನಗೆ ಹೊಳೆಯಲಿಲ್ಲ. ಆದರೆ ಬಲ್ಬಿನ ಬಾಳಿಕೆ ಸೇರಿಸಲಿಲ್ಲ ನೀವು. ಹಳದಿ ಬಲ್ಬು ಸಾವಿರ ಗಂಟೆಗೆ ಹೋಗುತ್ತದೆ. ಗೇಟಿನದು ವರ್ಷಕ್ಕೆ 4,000 ಗಂಟೆ ಉರಿಯುತ್ತದೆ, ಅಂದರೆ ವರ್ಷಕ್ಕೆ ನಾಲ್ಕು ಬಲ್ಬು ತರಬೇಕು. ಎಲ್‌ಇಡಿ ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿರುತ್ತದೆ. ಆರು ವರ್ಷ ತಿರುಗಿ ನೋಡುವ ಹಾಗಿಲ್ಲ.

ಸುಧಾ_ಶಿರಸಿ
ಆರು ವರ್ಷವಾ?! ನಮ್ಮ ಊರಿಗೆ ಬನ್ನಿ ಮೇಷ್ಟ್ರೇ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ವೋಲ್ಟೇಜು ಒಮ್ಮೆ ದೀಪ ಮಿಣುಕುವಷ್ಟು, ಒಮ್ಮೆ ಫ್ಯಾನ್ ಹಾರಿಹೋಗುವಷ್ಟು. ನಮ್ಮ ಜಗುಲಿಯ ಎಲ್‌ಇಡಿ ಒಂದು ಮಳೆಗಾಲಕ್ಕೆ ಮೂರು ಹೋದವು. ಅತ್ತೆಯವರು ಈಗಲೂ ಹೇಳುತ್ತಾರೆ, ಹಳೇ ಬಲ್ಬೇ ವಾಸಿ, ಹೋದರೆ ಹತ್ತು ಹದಿನೈದು ರೂಪಾಯಿ ಅಂತ.

ವೈರ್‌ಮನ್_ಹಾಸನ
ಸುಧಾ ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. 25,000 ಗಂಟೆ ಅನ್ನುವುದು ಒಳಗಿನ ದೀಪದ ಚಿಪ್ಪಿಗೆ. ಹೋಗುವುದು ಚಿಪ್ಪಲ್ಲ, ಬುಡದಲ್ಲಿರುವ ಡ್ರೈವರ್, ಅಂದರೆ ಚಿಪ್ಪಿಗೆ ಕರೆಂಟು ಹೊಂದಿಸಿ ಕೊಡುವ ಭಾಗ. ಅದರೊಳಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ಬಿಸಿಗೆ ಅದು ಒಣಗುತ್ತದೆ, ಇಲ್ಲವೇ ವೋಲ್ಟೇಜ್ ಏಟಿಗೆ ಡ್ರೈವರ್ರೇ ಸುಟ್ಟುಹೋಗುತ್ತದೆ. ಬಲ್ಬು ಮಿಣ ಮಿಣ ಅನ್ನಲು ಶುರು ಮಾಡಿದರೆ ಸಾಮಾನ್ಯವಾಗಿ ಡ್ರೈವರ್ ಕೈ ಕೊಡುತ್ತಿದೆ ಅಂತ ಅರ್ಥ.

ನಿಮ್ಮ ಜಗುಲಿ ಬಲ್ಬಿಗೆ ಗಾಜಿನ ಮುಚ್ಚಿದ ಗುಮ್ಮಟ ಇದೆಯಾ? ಇದ್ದರೆ ಅದೂ ಒಂದು ಕಾರಣ. ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ.

ನಾನು ಗಿರಾಕಿಗಳಿಗೆ ಹೇಳುವ ನಿಯಮ ಒಂದೇ. ಡಬ್ಬದ ಮೇಲಿನ ಗಂಟೆ ನೋಡಬೇಡಿ, ಗ್ಯಾರಂಟಿ ನೋಡಿ. ಒಳ್ಳೆ ಬಲ್ಬಿಗೆ, ಪಟ್ಟಿಗೆ ಎರಡು ವರ್ಷ ಕೊಡುತ್ತಾರೆ. ಆ ಎರಡು ವರ್ಷದೊಳಗೆ ಅಸಲು ಹುಟ್ಟುವುದಾದರೆ ಕಣ್ಣು ಮುಚ್ಚಿ ಹಾಕಿ, ಹುಟ್ಟದಿದ್ದರೆ ಹಳೆಯದು ಕೆಡುವ ತನಕ ಬಿಡಿ. ಈ ಲೆಕ್ಕದಲ್ಲಿ ದಾವಣಗೆರೆಯವರ ಮಲಗುವ ರೂಮು ಮತ್ತು ಸಾಮಾನು ಕೋಣೆ ಹೊರಗೆ ಬೀಳುತ್ತವೆ. ಮತ್ತೆ, ಬಲ್ಬಿನ ಬುಡದ ಮೇಲೆ ಮಾರ್ಕರ್‌ನಲ್ಲಿ ತಂದ ತಾರೀಕು ಬರೆದಿಡಿ, ಬಿಲ್ಲಿನ ಫೋಟೋ ತೆಗೆದಿಡಿ. ಎಷ್ಟೋ ಜನ ಗ್ಯಾರಂಟಿ ಇದ್ದರೂ ಹೊಸದು ಕೊಳ್ಳುತ್ತಾರೆ.

ಸುಧಾ_ಶಿರಸಿ
ಗುಮ್ಮಟ ಇದೆ! ಹುಳ ಬರುತ್ತದೆ ಅಂತ ನಾವೇ ಹಾಕಿಸಿದ್ದು. ಈ ಸಲ ತೆಗೆದು ನೋಡುತ್ತೇನೆ. ವೋಲ್ಟೇಜಿಗೆ ಏನು ಮಾಡಲಿ ಆದರೆ?

ವೈರ್‌ಮನ್_ಹಾಸನ
ಡಬ್ಬದ ಮೇಲೆ ಎಷ್ಟು ವೋಲ್ಟೇಜಿನಿಂದ ಎಷ್ಟರ ತನಕ ಅಂತ ಬರೆದಿರುತ್ತದೆ ಅಕ್ಕ. 100ರಿಂದ 300 ಅಂತ ಇರುವುದು ಸಿಕ್ಕರೆ ತಗೊಳ್ಳಿ, ಹತ್ತಿಪ್ಪತ್ತು ಜಾಸ್ತಿ ಆಗಬಹುದು. ಸಿಡಿಲಿಗೆ ಮಾತ್ರ ಅದೂ ತಡೆಯುವುದಿಲ್ಲ.

ಕೋಳಿ_ಶೆಡ್_ಹರಿಹರ
ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಶೆಡ್‌ನಲ್ಲಿ ಮರಿ ಬಿಡುವಾಗ 100 ವ್ಯಾಟ್ ಬಲ್ಬು ಇಪ್ಪತ್ತು ಉರಿಸುತ್ತೇವೆ, ಹತ್ತು ಹನ್ನೆರಡು ದಿನ ಹಗಲೂ ರಾತ್ರಿ. ಅದಕ್ಕೂ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಎಷ್ಟು ದಿನದಲ್ಲಿ ಹುಟ್ಟುತ್ತದೆ? ಲೆಕ್ಕ ಹಾಕಿದರೆ ಒಂದೇ ಬ್ಯಾಚಿಗೆ ಹುಟ್ಟುವ ಹಾಗಿದೆ.

ವೈರ್‌ಮನ್_ಹಾಸನ
ಅಯ್ಯೋ ಬೇಡಿ! ಅಲ್ಲಿ ನಿಮಗೆ ಬೇಕಿರುವುದು ಬೆಳಕಲ್ಲ, ಬಿಸಿ. ಹಳದಿ ಬಲ್ಬು ಎಳೆಯುವ ಕರೆಂಟಿನಲ್ಲಿ ಹೆಚ್ಚುಕಮ್ಮಿ ಎಲ್ಲಾ ಬಿಸಿಯಾಗಿಯೇ ಹೋಗುತ್ತದೆ, ಮನೆಗೆ ಅದು ದಂಡ, ನಿಮ್ಮ ಮರಿಗೆ ಅದೇ ಜೀವ. ಎಲ್‌ಇಡಿ ಹಾಕಿದರೆ ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ದೊಡ್ಡ ಕೋಳಿಗೆ ಬರೀ ಬೆಳಕಿಗೆ ಹಾಕುವ ಬಲ್ಬು ಇದ್ದರೆ ಅದನ್ನು ಮಾತ್ರ ಬದಲಿಸಿ.

ಕೋಳಿ_ಶೆಡ್_ಹರಿಹರ
ಸರಿ ಅಣ್ಣ, ಒಳ್ಳೇದಾಯ್ತು ಕೇಳಿದ್ದು. ನಾಳೆ ತರುವವನಿದ್ದೆ.

ಮಹಡಿಮನೆ_ಮೈಸೂರು
ನನ್ನ ಅನುಭವ ಬೇರೆ. ಎಲ್ಲಾ ಎಲ್‌ಇಡಿ ಮಾಡಿಸಿದ ಮೇಲೆ ನಮ್ಮ ಬಿಲ್ಲು ಜಾಸ್ತಿ ಆಯಿತು. ಸುಳ್ಳಲ್ಲ. ಮನೆ ರಿಪೇರಿ ಮಾಡಿಸುವಾಗ ಹಾಲಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದೆವು. ಮೊದಲು ಒಂದು ಟ್ಯೂಬ್ ಇತ್ತು. ಈಗ 12 ವ್ಯಾಟಿನ ಹನ್ನೆರಡು ದುಂಡು ಲೈಟು. ಎಲ್ಲಕ್ಕೂ ಒಂದೇ ಸ್ವಿಚ್ಚು. ಟಿವಿ ನೋಡಲು ಕೂತರೂ 144 ವ್ಯಾಟ್ ಉರಿಯುತ್ತದೆ. ಮೊದಲು 50 ಇತ್ತು. ಎಲ್‌ಇಡಿ ಅಂದರೆ ಕರೆಂಟೇ ಎಳೆಯುವುದಿಲ್ಲ ಅನ್ನುವ ಹಾಗೆ ಮಾತಾಡುತ್ತಾರಲ್ಲ, ಅದನ್ನು ನಂಬಿ ಯಾರೂ ಲೈಟು ಆರಿಸುವುದೂ ಇಲ್ಲ.

ಬಾಡಿಗೆ_ಹುಡುಗ
ಸ್ವಿಚ್ಚು ಮೂರು ಭಾಗ ಮಾಡಿಸಿಕೊಳ್ಳಿ ಸರ್. ನಾಲ್ಕು ನಾಲ್ಕು ಲೈಟಿಗೆ ಒಂದು.

ಮಹಡಿಮನೆ_ಮೈಸೂರು
ವೈರು ಸೀಲಿಂಗ್ ಒಳಗೆ ಹೋಗಿದೆ. ಈಗ ಒಡೆಯಬೇಕು. ಮೊದಲೇ ಯಾರಾದರೂ ಹೇಳಿದ್ದರೆ ಆಗುತ್ತಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪುಣೆ_ಕನ್ನಡಿಗ
ಕರ್ನಾಟಕದಲ್ಲಿ ಈಗ ಮನೆಗೆ ಒಂದೇ ದರ, ಹಾಗಾಗಿ ಲೆಕ್ಕ ಸುಲಭ. ನಮ್ಮ ಮಹಾರಾಷ್ಟ್ರದಲ್ಲಿ ಸ್ಲ್ಯಾಬ್ ಇದೆ, 100 ದಾಟಿದರೆ ಮುಂದಿನ ಯೂನಿಟ್‌ಗಳಿಗೆ ದರ ಏರುತ್ತದೆ, 300 ದಾಟಿದರೆ ಮತ್ತೂ ಏರುತ್ತದೆ. ಇಲ್ಲಿ ಉಳಿತಾಯವನ್ನು ಸರಾಸರಿ ದರದಲ್ಲಿ ಹಿಡಿಯಬಾರದು. ಕಡಿಮೆಯಾಗುವುದು ಯಾವಾಗಲೂ ಮೇಲಿನ ಸ್ಲ್ಯಾಬಿನ ಯೂನಿಟ್. ಹಾಗಾಗಿ ನಮಗೆ ಅಸಲು ಬೇಗ ಹುಟ್ಟುತ್ತದೆ.

ನಾಗವೇಣಿ_ತುಮಕೂರು
ನಿಲ್ಲಿ ನಿಲ್ಲಿ. ಇಷ್ಟು ಜನ ಮಾತಾಡಿದ್ದೀರಿ, ಗೃಹಜ್ಯೋತಿ ಯಾರೂ ಎತ್ತಲಿಲ್ಲ! ದಾವಣಗೆರೆ ಅಣ್ಣ, ನಿಮಗೆ ಗೃಹಜ್ಯೋತಿ ಇಲ್ಲವಾ? ಇದ್ದರೆ ನಿಮ್ಮ ಅರ್ಹತೆ ಎಷ್ಟು ಯೂನಿಟ್? ಈ ಇಡೀ ಲೆಕ್ಕ ಅದರ ಮೇಲೆ ತಲೆಕೆಳಗಾಗುತ್ತದೆ.

ಕೆರೆದಂಡೆ_ದಾವಣಗೆರೆ
ನೋಂದಣಿ ಮಾಡಿಸಿದ್ದೇವೆ ಅಕ್ಕ. 2022-23ರಲ್ಲಿ ನಮ್ಮ ಸರಾಸರಿ 175 ಇತ್ತು, ಅದರ ಮೇಲೆ ಶೇ 10 ಸೇರಿ 192 ಅರ್ಹತೆ ಬಂದಿದೆ. ಮೊದಲು ಸೊನ್ನೆ ಬಿಲ್ಲು ಬರುತ್ತಿತ್ತು. ಈಚೆಗೆ ಮಗನಿಗೆ ಕಂಪ್ಯೂಟರ್ ತಂದೆವು, ಎರಡು ಫ್ಯಾನು ಹೆಚ್ಚಾದವು, ಆರೇಳು ತಿಂಗಳಿಂದ 200 ದಾಟುತ್ತಿದೆ. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ನಾಗವೇಣಿ_ತುಮಕೂರು
ನೋಡಿ, ಇದೇ ನಾನು ಹೇಳಿದ್ದು. 232ರಲ್ಲಿ 43 ಕಳೆದರೆ 189. ಅದು 192ರ ಒಳಗೆ. ಬಿಲ್ಲು ಸೊನ್ನೆ. ನಿಮಗೆ ತಿಂಗಳಿಗೆ ಉಳಿಯುವುದು 291 ಅಲ್ಲ, ಪೂರ್ತಿ 1,985! ಅಸಲು ಮೊದಲ ತಿಂಗಳೇ ಹುಟ್ಟಿ ಮೇಲೆ ಮುನ್ನೂರು ಕೈಯಲ್ಲಿ ಉಳಿಯುತ್ತದೆ.

192 ದಾಟಿ 200ರ ಒಳಗೆ ನಿಂತರೂ ಹೆಚ್ಚಾದ ಯೂನಿಟ್‌ಗೆ ಮಾತ್ರ ಕಟ್ಟುವುದು. 200 ದಾಟಿದರೆ ಮಾತ್ರ ಮೊದಲನೇ ಯೂನಿಟ್‌ನಿಂದ ಬೀಳುತ್ತದೆ. ನಮ್ಮ ಅಕ್ಕನ ಮನೆಯಲ್ಲಿ 203 ಆಗಿ ಮೂರು ಯೂನಿಟ್‌ಗೆ ಸಾವಿರದ ಮೇಲೆ ಕಟ್ಟಿದರು. ಅವರ ಮನೆ ಹಿತ್ತಲಲ್ಲೂ ಇಂಥದೇ ಒಂದು ಬಲ್ಬು ರಾತ್ರಿಯೆಲ್ಲಾ ಉರಿಯುತ್ತಿತ್ತು.

ಲೆಕ್ಕದ_ಮೇಷ್ಟ್ರು
ಹಾಗಾದರೆ ಸೊನ್ನೆ ಬಿಲ್ಲು ಬರುವವರಿಗೆ ಎಲ್‌ಇಡಿ ಬೇಡವೇ ಬೇಡ ಅಂತಾಯಿತಲ್ಲ. ನನಗೆ ತಿಂಗಳಿಗೆ 90 ಯೂನಿಟ್, ಅರ್ಹತೆ 110. ಇನ್ನೂ 30 ಯೂನಿಟ್ ಕಡಿಮೆ ಮಾಡಿದರೆ ನನಗೇನು ಸಿಗುತ್ತದೆ? ಅಸಲು ಯಾವತ್ತೂ ಹುಟ್ಟುವುದಿಲ್ಲ.

ನಾಗವೇಣಿ_ತುಮಕೂರು
ದುಡ್ಡಿನ ಲೆಕ್ಕದಲ್ಲಿ ಹೌದು ಮೇಷ್ಟ್ರೇ, ಹುಟ್ಟುವುದಿಲ್ಲ. ಆದರೆ ನಿಮ್ಮ ಕರೆಂಟಿನ ದುಡ್ಡು ಸರ್ಕಾರ ಕಟ್ಟುತ್ತಿದೆ, ಅದು ನಮ್ಮೆಲ್ಲರ ದುಡ್ಡೇ. ನನಗೆ ಅದು ಸರಿ ಕಾಣುವುದಿಲ್ಲ. 60 ವ್ಯಾಟ್ ಉರಿಸಿ 9 ವ್ಯಾಟಿನ ಬೆಳಕು ಪಡೆಯುವುದು, ಬಿಟ್ಟಿ ಸಿಕ್ಕಿತು ಅಂತ.

ಲೆಕ್ಕದ_ಮೇಷ್ಟ್ರು
ಕೇಳಿದ್ದು ಅಸಲು ಎಷ್ಟು ದಿನಕ್ಕೆ ಹುಟ್ಟುತ್ತದೆ ಅಂತ. ಧರ್ಮ ಅಧರ್ಮ ಬೇರೆ ಚರ್ಚೆ.

ನಾಗವೇಣಿ_ತುಮಕೂರು
ಬೇರೆ ಅಲ್ಲ. ಹಾಕಿದ್ದು ನೀವು, ಲಾಭ ಸರ್ಕಾರಕ್ಕೆ, ಅಷ್ಟೇ ವ್ಯತ್ಯಾಸ. ಲೆಕ್ಕ ಒಂದೇ.

ಬಾಡಿಗೆ_ಹುಡುಗ
ಇಬ್ಬರೂ ಬಿಡಿ ಈಗ. ನನ್ನ ಪ್ರಶ್ನೆ. ನನ್ನ ರೂಮಿನಲ್ಲಿ ಟ್ಯೂಬ್ ಇಲ್ಲ, 15 ವ್ಯಾಟಿನ ಸಿಎಫ್‌ಎಲ್ ಇದೆ, ಸುತ್ತಿಕೊಂಡಿರುತ್ತದಲ್ಲ ಅದು. ದಿನಾ 4 ಗಂಟೆ. ತೆಗೆಯಲಾ?

ವೈರ್‌ಮನ್_ಹಾಸನ
ಆತುರ ಬೇಡ ತಮ್ಮ. 15 ಹೋಗಿ 9, ಉಳಿಯುವುದು 6 ವ್ಯಾಟ್. ತಿಂಗಳಿಗೆ 5 ರೂಪಾಯಿಯೂ ಇಲ್ಲ. 80 ರೂಪಾಯಿ ಹುಟ್ಟಲು ಒಂದೂವರೆ ವರ್ಷದ ಹತ್ತಿರ, ನನ್ನ ಎರಡು ವರ್ಷದ ನಿಯಮದೊಳಗೆ ಬಂದರೂ ಉಳಿಯುವುದು ಚಿಲ್ಲರೆ. ತಾನಾಗಿ ಹೋಗಲಿ, ಆಮೇಲೆ ಹಾಕು. ಹೋದ ಮೇಲೆ ಒಡೆಯಬೇಡ, ಒಳಗೆ ಪಾದರಸ ಇದೆ.

ಹಳೇಪಟ್ಟಿ_ಬಳ್ಳಾರಿ
ಪೂರ್ತಿ ಪಟ್ಟಿ ಯಾಕೆ ಬದಲಿಸಬೇಕು? ಎಲ್‌ಇಡಿ ಟ್ಯೂಬ್ ಅಂತಲೇ ಸಿಗುತ್ತದೆ, ಹಳೇ ಪಟ್ಟಿಗೇ ಕೂರುತ್ತದೆ, ಎಲೆಕ್ಟ್ರಿಷಿಯನ್ ಕೂಲಿ 100 ಉಳಿಯಿತು. ಆದರೆ ಒಂದು ತೊಂದರೆ, ಚೋಕು ಅಲ್ಲೇ ಇರುತ್ತದೆ, ಅದು ಆ 12 ವ್ಯಾಟ್ ತಿನ್ನುತ್ತಲೇ ಇರುತ್ತದೆ, ಅದೊಂದು ನಷ್ಟ.

ವೈರ್‌ಮನ್_ಹಾಸನ
ಅರ್ಧ ಸರಿ. ಚೋಕು ಎಷ್ಟು ತಿನ್ನುತ್ತದೆ ಅನ್ನುವುದು ಅದರೊಳಗೆ ಎಷ್ಟು ಕರೆಂಟು ಹರಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಳೇ ಟ್ಯೂಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ 0.1ರ ಆಸುಪಾಸು. ಕರೆಂಟು ಕಾಲು ಭಾಗ ಆದರೆ ಚೋಕಿನ ನಷ್ಟ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ವ್ಯಾಟ್ ಹೋಗಬಹುದು, ಅದಕ್ಕೆ ಹೆದರಬೇಡಿ.

ಹೆದರಬೇಕಾದದ್ದು ವೈರಿಂಗ್‌ಗೆ. ಒಂದೊಂದು ಕಂಪನಿ ಟ್ಯೂಬಿಗೆ ಒಂದೊಂದು ಥರ. ಕೆಲವಕ್ಕೆ ಸ್ಟಾರ್ಟರ್ ತೆಗೆದು ಡಬ್ಬದೊಳಗೆ ಕೊಟ್ಟಿರುವ ಡಮ್ಮಿ ಹಾಕಬೇಕು. ಕೆಲವಕ್ಕೆ ಚೋಕನ್ನೇ ತಪ್ಪಿಸಿ ನೇರ ವೈರು ಕೊಡಬೇಕು, ಅದರಲ್ಲೂ ಕೆಲವಕ್ಕೆ ಒಂದೇ ತುದಿಗೆ, ಕೆಲವಕ್ಕೆ ಎರಡೂ ತುದಿಗೆ. ಡಬ್ಬದ ಮೇಲೆ ಚಿತ್ರ ಇರುತ್ತದೆ, ಅದನ್ನು ನೋಡದೆ ಹಳೇ ಸ್ಟಾರ್ಟರ್ ಬಿಟ್ಟು ಟ್ಯೂಬ್ ಮಾತ್ರ ತಿರುಗಿಸಿದರೆ ಮಿಣುಕುತ್ತದೆ, ಇಲ್ಲವೇ ಅವತ್ತೇ ಸುಡುತ್ತದೆ. ಇನ್ನೊಂದು, ನೇರ ವೈರು ಕೊಟ್ಟ ಪಟ್ಟಿಗೆ ಮುಂದೆ ಯಾರಾದರೂ ಗೊತ್ತಿಲ್ಲದೆ ಹಳೇ ಥರದ ಟ್ಯೂಬ್ ಸಿಕ್ಕಿಸಬಾರದು, ಪಟ್ಟಿ ಮೇಲೆ ಬರೆದಿಡಿ. ಇದೆಲ್ಲ ಗೋಜಲು ಬೇಡ ಅಂತಲೇ ನಾನು ಪಟ್ಟಿ ಬದಲಿಸಿ ಅನ್ನುವುದು.

ಹಳೇಪಟ್ಟಿ_ಬಳ್ಳಾರಿ
ನಂದು ಮಿಣುಕುತ್ತಿದೆ ನೋಡಿ, ಎರಡು ವಾರದಿಂದ. ಸ್ಟಾರ್ಟರ್ ತೆಗೆದಿಲ್ಲ. ಈಗಲೇ ತೆಗೆಯುತ್ತೇನೆ.

ವೈರ್‌ಮನ್_ಹಾಸನ
ಮೇನ್ ಆರಿಸಿ ಮೊದಲು! ಡಬ್ಬದ ಚಿತ್ರ ನೋಡಿ ಆಮೇಲೆ ಕೈ ಹಾಕಿ.

ಕೆರೆದಂಡೆ_ದಾವಣಗೆರೆ
ಒಂದು ಅನುಮಾನ. ಇದೆಲ್ಲ ಕಾಗದದ ಮೇಲಿನ ಲೆಕ್ಕ. ನನ್ನ ಟ್ಯೂಬ್ ನಿಜವಾಗಿ 50 ವ್ಯಾಟ್ ತಿನ್ನುತ್ತಿದೆ ಅಂತ ತಿಳಿಯುವುದು ಹೇಗೆ? 189ಕ್ಕೂ 192ಕ್ಕೂ ಮೂರೇ ಯೂನಿಟ್ ಅಂತರ ಇದೆ, ತಪ್ಪಿದರೆ ಕಷ್ಟ.

ವೈರ್‌ಮನ್_ಹಾಸನ
ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಅದರ ಪಕ್ಕ 3200 imp/kWh ಅಂತ ಏನಾದರೂ ಬರೆದಿರುತ್ತದೆ. ಅಂದರೆ ಒಂದು ಯೂನಿಟ್‌ಗೆ 3,200 ಸಲ ಮಿನುಗುತ್ತದೆ. ಫ್ರಿಜ್, ಟಿವಿ ಎಲ್ಲದರ ಸ್ವಿಚ್ಚು ಆರಿಸಿ. ಹಾಲಿನ ಟ್ಯೂಬ್ ಒಂದನ್ನೇ ಹಾಕಿ. ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ಹಿಡಿಯಿರಿ. ಹತ್ತು ಮಿನುಗು ಹಿಡಿದು ಹತ್ತರಿಂದ ಭಾಗಿಸಿದರೆ ಇನ್ನೂ ಸರಿ. 3200 ಅಂತ ಇದ್ದರೆ 1,125ನ್ನು ಆ ಸೆಕೆಂಡಿನಿಂದ ಭಾಗಿಸಿ, ಬಂದದ್ದು ವ್ಯಾಟ್. ಮೀಟರ್ ಮೇಲೆ 1600 ಇದ್ದರೆ 2,250ನ್ನು ಭಾಗಿಸಿ. ಬಿಲ್ಲು ಮಾಡುವ ಮೀಟರೇ ಹೇಳುವ ಲೆಕ್ಕ ಇದು.

ಕೆರೆದಂಡೆ_ದಾವಣಗೆರೆ
ಅಳೆದೆ ಅಣ್ಣ! ಮಗ ಮೀಟರ್ ಹತ್ತಿರ ನಿಂತ, ನಾನು ಒಂದೊಂದೇ ಲೈಟು ಹಾಕಿದೆ. ನಮ್ಮದು 3200. ಹಾಲ್‌ನ ಟ್ಯೂಬ್ ಒಂದು ಮಿನುಗಿಗೆ 22 ಸೆಕೆಂಡು, ಅಂದರೆ 51 ವ್ಯಾಟ್. ಅಡುಗೆಮನೆ, ಓದುವ ರೂಮು ಹೆಚ್ಚುಕಮ್ಮಿ ಅಷ್ಟೇ. ಜೀರೋ ಬಲ್ಬು 75 ಸೆಕೆಂಡು, ನೀವು ಹೇಳಿದ ಹಾಗೇ 15 ವ್ಯಾಟ್. ಅಮ್ಮನಿಗೆ ತೋರಿಸಿದೆ, ನಂಬಲೇ ಇಲ್ಲ.

ಆದರೆ ಮಲಗುವ ರೂಮಿನ ಟ್ಯೂಬ್ 30 ಸೆಕೆಂಡು ಬಂತು. ಅಂದರೆ 37 ವ್ಯಾಟ್ ಚಿಲ್ಲರೆ. ಪಟ್ಟಿಗೆ ಕೈ ಇಟ್ಟರೆ ಬಿಸಿಯೂ ಇಲ್ಲ, ಹಾಕಿದ ತಕ್ಷಣ ಹತ್ತುತ್ತದೆ. ಅದು ಯಾಕೆ ಹಾಗೆ?

ವೈರ್‌ಮನ್_ಹಾಸನ
ಅದಕ್ಕೆ ಯಾರೋ ಯಾವಾಗಲೋ ಎಲೆಕ್ಟ್ರಾನಿಕ್ ಚೋಕು ಹಾಕಿದ್ದಾರೆ. ಅದನ್ನು ಮುಟ್ಟಲೇಬೇಡಿ. 17 ವ್ಯಾಟ್ ಉಳಿತಾಯ, ದಿನಕ್ಕೆ ಎರಡು ಗಂಟೆ, ತಿಂಗಳಿಗೆ ಒಂದು ಯೂನಿಟ್, ಏಳು ರೂಪಾಯಿ. 350 ರೂಪಾಯಿ ಹುಟ್ಟಲು ನಾಲ್ಕು ವರ್ಷ.

ಲೆಕ್ಕದ_ಮೇಷ್ಟ್ರು
ಅಂದರೆ ಮಲಗುವ ರೂಮು, ಸಾಮಾನು ಕೋಣೆ ಬಿಟ್ಟರೆ ಉಳಿತಾಯ 41 ಯೂನಿಟ್ ಚಿಲ್ಲರೆ. 232ರಿಂದ ಕಳೆದರೆ 190, 191. ಇನ್ನೂ 192ರ ಒಳಗೇ ಇದೆ, ಆದರೆ ಕೂದಲೆಳೆಯಷ್ಟು. ಒಂದು ದಿನ ಮಿಕ್ಸಿ ಜಾಸ್ತಿ ಆಡಿಸಿದರೆ ದಾಟುತ್ತದೆ.

ಅಡುಗೆಮನೆ_ಧಾರವಾಡ
ಒಂದು ಮಾತು, ಅಡುಗೆಮನೆ ಬಗ್ಗೆ. 20 ವ್ಯಾಟ್ ಪಟ್ಟಿ ಹಾಕಿಸಿದ ಮೇಲೆ ನಮಗೆ ಒಲೆ ಕಡೆ ಬೆಳಕು ಕಡಿಮೆ ಅನ್ನಿಸಿತು, ಪಾತ್ರೆಯೊಳಗೆ ಕಾಣುತ್ತಿರಲಿಲ್ಲ. ಇನ್ನೊಂದು ಪಟ್ಟಿ ಹಾಕಿಸಿದೆವು. ಎರಡು ಸೇರಿ 40 ವ್ಯಾಟ್ ಆಯಿತು, ಏನು ಉಳಿದ ಹಾಗಾಯಿತು? ಹಳೇ ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು, ಇದು ಎದುರಿಗೆ ಮಾತ್ರ ಚೆಲ್ಲುತ್ತದೆ. ಹಳೆಯದು ಬಾಗಿಲ ಮೇಲೆ ಇತ್ತು ಅಂತ ಹೊಸದನ್ನೂ ಅಲ್ಲೇ ಹಾಕಿಸಬೇಡಿ. ಒಲೆಗೆ ಬೆನ್ನಿಗೆ ಬೆಳಕು ಬಂದರೆ ನಿಮ್ಮ ನೆರಳೇ ಪಾತ್ರೆ ಮೇಲೆ ಬೀಳುತ್ತದೆ.

ಕೆರೆದಂಡೆ_ದಾವಣಗೆರೆ
ಒಳ್ಳೆ ಮಾತು ಅಕ್ಕ. ಮನೆಯವಳೂ ಅದನ್ನೇ ಹೇಳುತ್ತಿದ್ದಳು. ಅಡುಗೆಮನೆಯದನ್ನು ಒಲೆಯ ಎಡಗೋಡೆಗೆ ಹಾಕಿಸುತ್ತೇನೆ.

ಸರಿ, ಇವತ್ತೇ ಗೇಟು, ದೇವರ ಮನೆ, ಬಚ್ಚಲು ಮೂರನ್ನೂ ನಾನೇ ಹಾಕುತ್ತೇನೆ. ಮೂರು ಪಟ್ಟಿ ಭಾನುವಾರ.

ಕೆರೆದಂಡೆ_ದಾವಣಗೆರೆ
ತಿಂಗಳು ಕಳೆದ ಮೇಲೆ ಬಂದು ಹೇಳುತ್ತಿದ್ದೇನೆ. ರೀಡಿಂಗ್ ಬಂತು, 194 ಯೂನಿಟ್. 192ಕ್ಕೆ ಎರಡು ಜಾಸ್ತಿ ಆಯಿತು, ಆದರೆ 200 ದಾಟಲಿಲ್ಲ. ಎರಡು ಯೂನಿಟ್‌ಗೆ ಕಟ್ಟಿದ್ದು ಬಿಟ್ಟರೆ ಬಿಲ್ಲೇ ಇಲ್ಲ. ಹೋದ ಸಲ 1,985. ಒಟ್ಟು ಖರ್ಚಾಗಿದ್ದು ಮೂರು ಪಟ್ಟಿ, ಎರಡು ಬಲ್ಬು, ಒಂದು ರಾತ್ರಿ ಬಲ್ಬು, ಕೂಲಿ ಸೇರಿ 1,235. ಭಾವನಿಗೆ ಫೋನ್ ಮಾಡಿ ಹೇಳಿದೆ.

ಅಮ್ಮನಿಗೆ ಮಾತ್ರ ದೇವರ ಮನೆ ಬೆಳಕು ಹಿಡಿಸಿಲ್ಲ. ಬಿಳಿ ಬೆಳಕಿನಲ್ಲಿ ದೇವರ ಮುಖ ಕಾಣುವುದಿಲ್ಲ ಅನ್ನುತ್ತಾರೆ.

ಸುಧಾ_ಶಿರಸಿ
ಹಳದಿ ಬಣ್ಣದ ಎಲ್‌ಇಡಿ ರಾತ್ರಿ ಬಲ್ಬು ಸಿಗುತ್ತದೆ ಅಣ್ಣ, ವಾರ್ಮ್ ಅಂತ ಕೇಳಿ. ನಮ್ಮಲ್ಲಿ ಅದೇ ಇದೆ. ಅಂದಹಾಗೆ ಗುಮ್ಮಟ ತೆಗೆದ ಮೇಲೆ ಜಗುಲಿ ಬಲ್ಬು ಇನ್ನೂ ಹೋಗಿಲ್ಲ. ಹುಳ ಮಾತ್ರ ವಿಪರೀತ.

ನಾಗವೇಣಿ_ತುಮಕೂರು
ಆರು ಯೂನಿಟ್ ಅಂತರದಲ್ಲಿ ಪಾರಾಗಿದ್ದೀರಿ ಅಣ್ಣ. ಇದು ಚಳಿಗಾಲ, ಫ್ಯಾನು ಕಡಿಮೆ. ಮಾರ್ಚ್ ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲಿಗೆ ಎರಡು ಫ್ಯಾನು ಹಗಲೆಲ್ಲಾ ತಿರುಗಿದರೆ ಮತ್ತೆ 200 ದಾಟುತ್ತದೆ. ಆಗ ನಿಮ್ಮ ಉಳಿತಾಯ ಮತ್ತೆ ಆ 41 ಯೂನಿಟ್‌ನ ಲೆಕ್ಕಕ್ಕೇ ಬರುತ್ತದೆ, 280 ರೂಪಾಯಿ ಆಸುಪಾಸು.

ವೈರ್‌ಮನ್_ಹಾಸನ
ಹೌದು. ಅದಕ್ಕೆ ಪ್ರತಿ ತಿಂಗಳು 20ನೇ ದಿನಕ್ಕೆ ಒಮ್ಮೆ ನೀವೇ ಮೀಟರ್ ನೋಡಿಕೊಳ್ಳಿ. ಆಗ 130 ದಾಟಿದ್ದರೆ ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಬಹುದು. ಇನ್ನು ಫ್ಯಾನುಗಳ ಮಿನುಗನ್ನೂ ಅಳೆದು ನೋಡಿ. ಹಳೇ ಫ್ಯಾನು 70-75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಆದರೆ ಅದರ ಬೆಲೆ ಎರಡೂವರೆ ಸಾವಿರದಿಂದ ಶುರು.

ಲೆಕ್ಕದ_ಮೇಷ್ಟ್ರು
ರೀಡಿಂಗ್‌ಗೆ ಬರುವವರು 30 ದಿನದ ಬದಲು 33 ದಿನಕ್ಕೆ ಬಂದರೆ? ಆ ಮೂರು ದಿನದ ಯೂನಿಟ್ ಸೇರಿ 200 ದಾಟಿದರೆ ಯಾರ ತಪ್ಪು? ಇದಕ್ಕೆ ಯಾರಾದರೂ ಸರಿಯಾದ ಉತ್ತರ ಕೊಡಿ.

ಕೆರೆದಂಡೆ_ದಾವಣಗೆರೆ
ನನಗೂ ಅದೇ ಚಿಂತೆ ಮೇಷ್ಟ್ರೇ. ಈ ಸಲದ ಬಿಲ್ಲಿನಲ್ಲಿ 31 ದಿನ ಇದೆ. ಫ್ಯಾನು ಅಳೆದು ನಾಳೆ ಬರೆಯುತ್ತೇನೆ, ಈಗ ಮಗ ಟ್ಯೂಷನ್‌ಗೆ ಹೋಗಿದ್ದಾನೆ, ಮೀಟರ್ ಹತ್ತಿರ ನಿಲ್ಲಲು ಯಾರೂ ಇಲ್ಲ.